ಒಂದೇ ಲಸಿಕೆ, ಒಂದೇ ಕಾಗದ, ಎರಡು ದೇಶದ ಲೆಕ್ಕ: ಮೆನಿಂಜೈಟಿಸ್ ಸರ್ಟಿಫಿಕೇಟ್ ಮಾಡಿಸಿದ ಕಥೆ

ನಮ್ಮ ಮನೆಯಿಂದ ಒಂದೇ ವರ್ಷದಲ್ಲಿ ಇಬ್ಬರು ಹೊರಟಿದ್ದರು. ಅಮ್ಮಿ ಜುಲೈಯಲ್ಲಿ ಉಮ್ರಾಕ್ಕೆ, ಅಕ್ಕನ ಮಗ ಆಗಸ್ಟ್‌ನಲ್ಲಿ ಟೆಕ್ಸಾಸ್‌ಗೆ ಓದೋಕೆ. ಇಬ್ಬರಿಗೂ ಮೆನಿಂಗೊಕಾಕಲ್ ಲಸಿಕೆಯ, ಅಂದರೆ ಮೆದುಳಿನ ಪೊರೆಗೆ ಬರುವ ಮೆನಿಂಜೈಟಿಸ್ ಕಾಯಿಲೆ ತಡೆಯೋಕೆ ಕೊಡುವ ಲಸಿಕೆಯ ಸರ್ಟಿಫಿಕೇಟ್ ಬೇಕಿತ್ತು. ಇಬ್ಬರ ಹತ್ತಿರವೂ ಅದು ಇತ್ತು ಕೂಡ. ನಾಲ್ಕು ವರ್ಷ ಚಿಲ್ಲರೆ ಹಿಂದೆ ಅಜ್ಜಿ ಮೊಮ್ಮಗ ಒಟ್ಟಿಗೇ ಉಮ್ರಾಕ್ಕೆ ಹೋಗಿದ್ದಾಗ ಒಂದೇ ಕ್ಲಿನಿಕ್ಕಿನಲ್ಲಿ, ಒಂದೇ ದಿನ ಇಬ್ಬರೂ ಚುಚ್ಚಿಸಿಕೊಂಡಿದ್ದರು. ಅದೇ ಕಾಗದ ತೋರಿಸಿದರೆ ಆಯ್ತಲ್ಲ ಅಂತ ಇಬ್ಬರೂ ನೆಮ್ಮದಿಯಾಗಿದ್ದರು.

ಕಾಗದ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ಇಷ್ಟೇ. ಹೆಸರು, ವಯಸ್ಸು, ಅಕ್ಟೋಬರ್‌ನ ಒಂದು ತಾರೀಕು, "ಮೆನಿಂಜೈಟಿಸ್ ವ್ಯಾಕ್ಸಿನ್ ಗಿವನ್" ಅಂತ ಒಂದು ಸಾಲು, ಒಂದು ಸಹಿ, ಒಂದು ಸೀಲು. ಲಸಿಕೆಯ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ.

ಟ್ರಾವೆಲ್ಸ್‌ನವರಿಗೆ ಫೋಟೋ ಕಳಿಸಿದೆ. ಒಬ್ಬರು "ಐದು ವರ್ಷ ನಡೆಯುತ್ತೆ ಭಾಯ್, ಚಿಂತೆ ಬೇಡ" ಅಂದರು. ಅದೇ ಆಫೀಸಿನ ಇನ್ನೊಬ್ಬರು "ಮೂರೇ ವರ್ಷ, ಹೊಸದು ಮಾಡಿಸಿ" ಅಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ, ಅದೇ ತಮಾಷೆ.

ಸೌದಿಯವರ ನಿಯಮ ಹೀಗಿದೆ. ಹಜ್‌ಗಾಗಲಿ, ಉಮ್ರಾಕ್ಕಾಗಲಿ, ಹಜ್ ನಡೆಯುವ ಜಾಗಗಳಲ್ಲಿ ಆ ಸೀಸನ್‌ನ ಕೆಲಸಕ್ಕಾಗಲಿ ಬರುವವರು, ಒಂದು ವರ್ಷ ದಾಟಿದ ಮಕ್ಕಳಿಂದ ಹಿಡಿದು ಎಲ್ಲರೂ, ಈ ಕಾಯಿಲೆಯ ಬ್ಯಾಕ್ಟೀರಿಯಾದ ಎ, ಸಿ, ಡಬ್ಲ್ಯೂ, ವೈ ಅನ್ನೋ ನಾಲ್ಕು ಗುಂಪುಗಳಿಗೆ ಆಗುವ ಲಸಿಕೆ ತಗೊಂಡಿರಬೇಕು. ಅಲ್ಲಿ ಬಂದಿಳಿಯುವುದಕ್ಕೆ ಕನಿಷ್ಠ 10 ದಿನ ಮೊದಲೇ ತಗೊಂಡಿರಬೇಕು. ಹಳೇ ಬಗೆಯ ಪಾಲಿಸ್ಯಾಕರೈಡ್ ಲಸಿಕೆಯಾದರೆ ಅದು 3 ವರ್ಷಕ್ಕೆ ಮಾತ್ರ ಲೆಕ್ಕ. ಕಾಂಜುಗೇಟ್ ಲಸಿಕೆಯಾದರೆ 5 ವರ್ಷ. ಯಾವ ಬಗೆ ಅಂತ ಕಾಗದದಲ್ಲಿ ಬರೆದಿಲ್ಲವಾದರೆ? ಆಗ 3 ವರ್ಷ ಅಂತಲೇ ಹಿಡಿಯುತ್ತಾರೆ. ಅಮ್ಮಿಯ ಕಾಗದ ಬಿದ್ದದ್ದು ಇಲ್ಲೇ. "ಕಾಂಜುಗೇಟ್" ಅನ್ನೋ ಒಂದೇ ಒಂದು ಪದ ಇದ್ದಿದ್ದರೆ ಅಕ್ಟೋಬರ್‌ವರೆಗೆ ನಡೆಯುತ್ತಿತ್ತು. ಅದಿಲ್ಲದ್ದಕ್ಕೆ ಅದು ಒಂದೂವರೆ ವರ್ಷಕ್ಕೂ ಮೊದಲೇ ಸತ್ತು ಹೋಗಿತ್ತು.

ಹಾಗಾದರೆ ಆ ಕ್ಲಿನಿಕ್ಕಿಗೇ ಹೋಗಿ ಯಾವುದು ಕೊಟ್ಟಿದ್ದರು ಅಂತ ಬರೆಸಿಕೊಂಡು ಬಂದರಾಯ್ತು ಅಂತ ಹೋದೆ. ರಿಜಿಸ್ಟರ್ ಇರಲಿಲ್ಲ. ಹಳೇದೆಲ್ಲ ರದ್ದಿಗೆ ಹಾಕಿಬಿಟ್ಟಿದ್ದೇವೆ ಅಂದರು. ಕೌಂಟರಿನಲ್ಲಿದ್ದವರು ಬಹಳ ಸಹಾಯದ ಮನಸ್ಸಿನವರು: "ಯಾವುದು ಬೇಕು ಹೇಳಿ ಸರ್, ಬರೆದು ಸೀಲ್ ಹಾಕಿ ಕೊಡ್ತೀನಿ." ಬ್ಯಾಚ್ ನಂಬರ್ ಏನು ಬರೀತೀರಿ ಅಂದೆ. ಈಗ ಫ್ರಿಜ್ಜಿನಲ್ಲಿರುವ ಡಬ್ಬಿಯ ನಂಬರನ್ನೇ ಹಾಕ್ತೀನಿ ಅಂದರು! ಸುಮ್ನೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಹೀಗೆ ಕೊಟ್ಟ ಸರ್ಟಿಫಿಕೇಟ್‌ಗಳು ಎಷ್ಟು ಜನರ ಪಾಸ್‌ಪೋರ್ಟಿನ ಜೊತೆ ಓಡಾಡುತ್ತಿವೆಯೋ ಗೊತ್ತಿಲ್ಲ.

ಆಮೇಲೆ ಬೇರೆ ಕಡೆ, ಪ್ರಯಾಣದ ಲಸಿಕೆಗಳನ್ನೇ ಮುಖ್ಯವಾಗಿ ಕೊಡುವ ಡಾಕ್ಟ್ರ ಹತ್ತಿರ ಇಬ್ಬರನ್ನೂ ಕರೆದುಕೊಂಡು ಹೋದೆ. ಅವರು ಹಳೇ ಕಾಗದ ನೋಡಿ ಮೊದಲು ಕೇಳಿದ್ದು ಅಮ್ಮಿಯನ್ನು. "ಅಮ್ಮಾ, ಅವತ್ತು ಹೇಗೆ ಚುಚ್ಚಿದರು ನೆನಪಿದೆಯಾ?" ಅಮ್ಮಿಗೆ ಇಂಥದ್ದೆಲ್ಲ ಚೆನ್ನಾಗಿ ನೆನಪಿರುತ್ತೆ. ತೋಳಿನ ಹಿಂಭಾಗದ ಚರ್ಮ ಚಿವುಟಿ ಎತ್ತಿ ಹಿಡಿದು ಓರೆಯಾಗಿ ಚುಚ್ಚಿದ್ದರು ಅಂತ ಮಾಡಿ ತೋರಿಸಿದರು. ಡಾಕ್ಟ್ರು ನಕ್ಕರು. ಪಾಲಿಸ್ಯಾಕರೈಡ್ ಲಸಿಕೆಯನ್ನು ಕೊಡುವುದು ಚರ್ಮದ ಕೆಳಗೆ. ಕಾಂಜುಗೇಟ್ ಕೊಡುವುದು ಸ್ನಾಯುವಿಗೆ, ಭುಜದ ಕೆಳಗೆ ನೇರವಾಗಿ. ಇದನ್ನೇ ಸಾಕ್ಷಿ ಅನ್ನೋಕಾಗಲ್ಲ, ಆದರೆ ಇಬ್ಬರಿಗೂ ಕೊಟ್ಟದ್ದು ಹಳೇ ಬಗೆಯೇ ಇರಬೇಕು ಅಂದರು. ಅಂದರೆ ಆ ಕೌಂಟರಿನವರು "ಕಾಂಜುಗೇಟ್" ಅಂತ ಬರೆದುಕೊಟ್ಟಿದ್ದರೆ ಕಾಗದ ಪಾಸಾಗುತ್ತಿತ್ತು, ಅಮ್ಮಿಯ ಮೈಯಲ್ಲಿ ಮಾತ್ರ ರಕ್ಷಣೆ ಇರುತ್ತಿರಲಿಲ್ಲ.

ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ. ಈ ಬ್ಯಾಕ್ಟೀರಿಯಾದ ಹೊರಗೆ ಸಕ್ಕರೆಯ ಅಣುಗಳ ಒಂದು ಕವಚ ಇರುತ್ತದೆ. ಎ, ಸಿ, ಡಬ್ಲ್ಯೂ, ವೈ, ಬಿ ಅಂತೆಲ್ಲ ಗುಂಪು ಮಾಡಿರುವುದೇ ಆ ಕವಚದ ಮೇಲೆ. ಹಳೇ ಲಸಿಕೆಯಲ್ಲಿ ಬರೀ ಆ ಕವಚದ ಸಕ್ಕರೆ ಇರುತ್ತದೆ. ದೇಹ ಅದಕ್ಕೆ ಪ್ರತಿಕಾಯ ಏನೋ ಮಾಡುತ್ತದೆ, ಆದರೆ ನೆನಪಿಟ್ಟುಕೊಳ್ಳಲ್ಲ, ಹಾಗಾಗಿ ಒಂದೆರಡು ವರ್ಷದಲ್ಲೇ ಇಳಿಯೋಕೆ ಶುರುವಾಗುತ್ತದೆ. ಪದೇ ಪದೇ ಅದನ್ನೇ ಕೊಟ್ಟರೆ ಪ್ರತಿಕ್ರಿಯೆ ಇನ್ನೂ ಮಂಕಾಗುವುದೂ ಉಂಟು. ಕಾಂಜುಗೇಟ್‌ನಲ್ಲಿ ಅದೇ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಅಂಟಿಸಿರುತ್ತಾರೆ. ಪ್ರೋಟೀನ್ ಕಂಡರೆ ದೇಹ ನೆನಪಿಟ್ಟುಕೊಳ್ಳುತ್ತದೆ. ಜೊತೆಗೆ ಗಂಟಲಲ್ಲಿ ಸುಮ್ಮನೆ ಕೂತಿರುವ ಬ್ಯಾಕ್ಟೀರಿಯಾ ಕೂಡ ಇದರಿಂದ ಕಡಿಮೆಯಾಗುತ್ತದೆ, ಹಳೇ ಬಗೆಯಿಂದ ಆ ಲಾಭ ಸಿಗುವುದಿಲ್ಲ ಅನ್ನಬಹುದು.

ಈ ಗಂಟಲಿನ ವಿಷಯ ಸಣ್ಣದಲ್ಲ. ಸೌದಿಯ ಈ ನಿಯಮ ಬಂದದ್ದೇ ಅದರಿಂದ. 1987ರ ಹಜ್‌ನಲ್ಲಿ ಎ ಗುಂಪಿನ ಮೆನಿಂಜೈಟಿಸ್ ಹರಡಿತು. ಆಮೇಲೆ ಲಸಿಕೆ ಕಡ್ಡಾಯ ಮಾಡಿದರು. ಆಗ ಎಲ್ಲರೂ ತಗೊಂಡು ಬರುತ್ತಿದ್ದದ್ದು ಹೆಚ್ಚಾಗಿ ಎ ಮತ್ತು ಸಿ ಮಾತ್ರ ಇರುವ ಲಸಿಕೆ. 2000ದಲ್ಲಿ ಬಂದದ್ದು ಡಬ್ಲ್ಯೂ ಗುಂಪು. ಲಸಿಕೆ ಹಾಕಿಸಿಕೊಂಡ ಯಾತ್ರಿಕರು ಅದನ್ನು ಗಂಟಲಲ್ಲಿ ಹೊತ್ತು ಊರಿಗೆ ಮರಳಿದರು. ಅವರಿಗೆ ಏನೂ ಆಗದೆ ಮನೆಯವರಿಗೆ ಕಾಯಿಲೆ ಬಂದದ್ದೂ ಇದೆ, ಅದೂ ಹಲವು ದೇಶಗಳಲ್ಲಿ. 2001ರಲ್ಲಿ ಮತ್ತೆ ಅದೇ ಆಯಿತು. ಅದಾದ ಮೇಲೆಯೇ ನಾಲ್ಕು ಗುಂಪಿನ ಲಸಿಕೆ ಕಡ್ಡಾಯವಾಗಿದ್ದು.

ಹಜ್‌ನಷ್ಟು ಬಿಗಿಯಾಗಿ ಉಮ್ರಾಕ್ಕೆ ಕಾಗದ ನೋಡಲ್ಲ ಅಂತ ಟ್ರಾವೆಲ್ಸ್ ಗುಂಪುಗಳಲ್ಲಿ ಮಾತಾಡಿಕೊಳ್ಳುತ್ತಾರೆ. "ಯಾರೂ ಕೇಳಲ್ಲ ಬಿಡಿ" ಅನ್ನೋದು ನಾನೇ ಕೇಳಿದ ಮಾತು. 2024ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಒಂದು ಎಚ್ಚರಿಕೆ ಹೊರಡಿಸಿತ್ತು. ಉಮ್ರಾ ಪ್ರಯಾಣಕ್ಕೆ ಸಂಬಂಧಪಟ್ಟ 12 ಪ್ರಕರಣ, ಅಮೆರಿಕ, ಫ್ರಾನ್ಸ್, ಬ್ರಿಟನ್ ಸೇರಿಸಿ. ಅದರಲ್ಲಿ 10 ಮಂದಿ ಸ್ವತಃ ಹೋಗಿ ಬಂದವರು, ಇಬ್ಬರು ಹೋಗಿ ಬಂದವರ ಜೊತೆಗಿದ್ದವರು. ಲಸಿಕೆ ಹಾಕಿಸಿದ್ದರೋ ಇಲ್ಲವೋ ಅಂತ ಮಾಹಿತಿ ಸಿಕ್ಕಿದ್ದು 9 ಜನರದ್ದು. ಒಂಬತ್ತೂ ಜನ ಹಾಕಿಸಿಕೊಂಡಿರಲಿಲ್ಲ. ಹೆಚ್ಚಿನವು ಮತ್ತೆ ಅದೇ ಡಬ್ಲ್ಯೂ. ಯಾರೂ ಕೇಳಲ್ಲ ಅನ್ನೋದು ಆಫೀಸರ ವಿಷಯದಲ್ಲಿ ನಿಜವೇ ಇರಬಹುದು.

ಅಮ್ಮಿಗೆ ಕಾಂಜುಗೇಟ್ ಕೊಡೋಣ ಅಂತ ತೀರ್ಮಾನವಾದ ಮೇಲೆ ಇನ್ನೊಂದು ತಕರಾರು ಎದ್ದಿತು. ಡಾಕ್ಟ್ರ ಹತ್ತಿರ ಇದ್ದದ್ದು ಮೆನ್‌ವಿಯೋ. ಇಂಟರ್ನೆಟ್‌ನಲ್ಲಿ ಅದರ ಅಮೆರಿಕದ ಲೇಬಲ್ ನೋಡಿದ ಅಕ್ಕನ ಮಗ "ಮಾಮು, ಇದು 55 ವರ್ಷದವರೆಗೆ ಮಾತ್ರ ಅಂತಿದೆ, ನಾನಿಗೆ 67" ಅಂದ. ಅಜ್ಜಿಗೆ ಅವನು ನಾನಿ ಅನ್ನೋದು. ಹುಡುಗ ಸರಿಯಾದದ್ದನ್ನೇ ಓದಿದ್ದ. ಡಾಕ್ಟ್ರು ಹೇಳಿದ್ದು ಇದು: ಕಂಪನಿ ಅನುಮೋದನೆಗೆ ಅಂತ ಪರೀಕ್ಷೆ ಮಾಡಿದ್ದು ಆ ವಯಸ್ಸಿನವರೆಗೆ, ಅದಕ್ಕೇ ಲೇಬಲ್‌ನಲ್ಲಿ ಆ ಗೆರೆ. ದೊಡ್ಡವರಿಗೆ ಅಪಾಯ ಅಂತ ಅದರ ಅರ್ಥ ಅಲ್ಲ. ಹಿಂದೆ ಅಮೆರಿಕದಲ್ಲಿ 55 ದಾಟಿದವರಿಗೆ ಪಾಲಿಸ್ಯಾಕರೈಡ್ ಲಸಿಕೆ ಇತ್ತು, ಅದು ಅಲ್ಲಿ ನಿಂತುಹೋದ ಮೇಲೆ ದೊಡ್ಡವರಿಗೂ ಕಾಂಜುಗೇಟ್ ಕೊಡಿ ಅಂತಲೇ ಸಿಡಿಸಿ ಹೇಳುತ್ತದೆ. ಮೆನ್‌ಕ್ವಾಡ್‌ಫಿ ಅನ್ನೋ ಇನ್ನೊಂದು ಕಾಂಜುಗೇಟ್‌ಗೆ ಲೇಬಲ್‌ನಲ್ಲೇ ಮೇಲಿನ ವಯಸ್ಸಿನ ಮಿತಿ ಇಲ್ಲ. ಅದು ಸಿಕ್ಕರೆ ಅದು, ಸಿಗದಿದ್ದರೆ ಇದು. ಅಮ್ಮಿ ಇದ್ದದ್ದನ್ನೇ ಕೊಡಿ ಅಂದರು. ಒಂದು ವೇಳೆ ಹಿಂದಿನದೂ ಕಾಂಜುಗೇಟೇ ಆಗಿದ್ದರೆ? ಆಗಲೂ ಇನ್ನೊಂದು ಡೋಸ್‌ನಿಂದ ತೊಂದರೆಯಿಲ್ಲ, ಅಪಾಯ ಮುಂದುವರಿಯುವವರಿಗೆ ಐದೈದು ವರ್ಷಕ್ಕೆ ಬೂಸ್ಟರ್ ಕೊಡುವ ಲಸಿಕೆಯೇ ಇದು.

ಇನ್ನು ಕೊಡುವ ರೀತಿ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕಂದರೆ ಹತ್ತಿರ ನಿಂತು ನೋಡದಿದ್ದರೆ ಗೊತ್ತೇ ಆಗಲ್ಲ. ಡಬ್ಬಿಯಲ್ಲಿ ಒಂದು ಸೀಸೆ ಅಲ್ಲ, ಎರಡು ಪುಟ್ಟ ಸೀಸೆ ಇದ್ದವು. ಒಂದರಲ್ಲಿ ನೀರಿನಂಥ ದ್ರವ, ಇನ್ನೊಂದರ ತಳದಲ್ಲಿ ಬಿಳೀ ಪುಡಿ ಗಟ್ಟಿಯಾಗಿ ಕೂತಿತ್ತು. ನೋಡಿದರೆ ದ್ರವ ಬರೀ ಕಲಸೋಕೆ ಕೊಟ್ಟ ನೀರು ಅನಿಸುತ್ತೆ, ಅಲ್ವಾ? ಅಲ್ಲ. ದ್ರವದಲ್ಲೇ ಸಿ, ಡಬ್ಲ್ಯೂ, ವೈ ಇರುತ್ತವೆ. ಪುಡಿಯಲ್ಲಿ ಎ ಇರುತ್ತದೆ. ನರ್ಸ್ ದ್ರವವನ್ನು ಸಿರಿಂಜಿಗೆ ಎಳೆದು, ಪುಡಿಯ ಸೀಸೆಗೆ ಬಿಟ್ಟು, ಪುಡಿ ಪೂರ್ತಿ ಕರಗುವವರೆಗೆ ಅಲ್ಲಾಡಿಸಿ, ಮತ್ತೆ ಎಳೆದುಕೊಂಡು ಅರ್ಧ ಎಂ.ಎಲ್. ಕೊಟ್ಟರು.

ಎಡವಟ್ಟು ಆಗುವುದು ಇಲ್ಲೇ. ದ್ರವದ ಸೀಸೆ ಒಂದೇ ನೋಡಿದರೆ ಪೂರ್ತಿ ಇಂಜೆಕ್ಷನ್ ತರಹವೇ ಕಾಣುತ್ತದೆ, ಅವಸರದಲ್ಲಿ ಅದನ್ನಷ್ಟೇ ಕೊಟ್ಟುಬಿಡುತ್ತಾರೆ. ಅಮೆರಿಕದಲ್ಲೂ ಇದು ಆಗಿದೆ, ಅದಕ್ಕೆ ಏನು ಮಾಡಬೇಕು ಅಂತ ಸಿಡಿಸಿ ಸಲಹೆಯನ್ನೇ ಕೊಟ್ಟಿದೆ. ಬರೀ ದ್ರವ ಹೋಗಿದ್ದರೆ ಅಲ್ಲೇ ಇರುವವರಿಗೆ ಮತ್ತೆ ಕೊಡಬೇಕಾಗಿಲ್ಲ, ಆ ದೇಶದಲ್ಲಿ ಎ ಗುಂಪು ಬಹಳ ಅಪರೂಪ. ಆದರೆ ಹೊರದೇಶಕ್ಕೆ ಪ್ರಯಾಣ ಮಾಡುವವರಾದರೆ ಮತ್ತೆ ಕೊಡಬೇಕು. ಸೌದಿಗೆ ಹೊರಟವರಿಗಂತೂ ನಾಲ್ಕೂ ಗುಂಪು ಬೇಕೇ ಬೇಕು. ಬರೀ ಪುಡಿಯನ್ನು ಬೇರೆ ಏನಾದರೂ ನೀರಿನಲ್ಲಿ ಕಲಸಿ ಕೊಟ್ಟಿದ್ದರೆ ಯಾರಿಗೇ ಆಗಲಿ ಮತ್ತೆ ಕೊಡಬೇಕು. ಗೊತ್ತು ಮಾಡಿಕೊಳ್ಳೋಕೆ ಒಂದೇ ದಾರಿ, ಚುಚ್ಚಿದ ಮೇಲೆ ಟ್ರೇಯಲ್ಲಿ ನೋಡುವುದು. ಪುಡಿ ಹಾಗೇ ತಳದಲ್ಲಿ ಕೂತಿದ್ದರೆ ಆಗಿದ್ದು ಅರ್ಧ ಕೆಲಸ. ನಾನು ಎರಡೂ ಖಾಲಿ ಸೀಸೆ ಮತ್ತು ಡಬ್ಬಿಯ ಫೋಟೋ ತೆಗೆದುಕೊಂಡೆ. ನರ್ಸ್ ಸ್ವಲ್ಪ ವಿಚಿತ್ರವಾಗಿ ನೋಡಿದರು, ಇರಲಿ. ಈಗ ಕೆಲವು ಕಡೆ ಕಲಸದೇ ಕೊಡುವ ಒಂದೇ ಸೀಸೆಯದ್ದೂ ಬಂದಿದೆ, ಅದರಲ್ಲಿ ಈ ರಗಳೆ ಇಲ್ಲ.

ಸರ್ಟಿಫಿಕೇಟ್ ಬರೆಸುವಾಗ ಕೂತು ಒಂದೊಂದೇ ಹೇಳಿ ಬರೆಸಿದೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು, ಪಾಸ್‌ಪೋರ್ಟ್ ನಂಬರ್, ಕೊಟ್ಟ ತಾರೀಕು, ಲಸಿಕೆಯ ಹೆಸರು, ಅದರ ಮುಂದೆ ನಾಲ್ಕು ಗುಂಪುಗಳು, ಅದರ ಮುಂದೆ ಆ ದುಬಾರಿ ಪದ "ಕಾಂಜುಗೇಟ್", ಬ್ಯಾಚ್ ನಂಬರ್, ಡಾಕ್ಟ್ರ ಸಹಿ, ಸೀಲು. ಹಳದಿ ಜ್ವರಕ್ಕೆ ಬಳಸುವ ಆ ಹಳದಿ ಪುಸ್ತಕದಲ್ಲೂ ಬರೆಸಬಹುದು, ಅದರಲ್ಲಿ ಬೇರೆ ಲಸಿಕೆಗಳಿಗೂ ಜಾಗ ಇರುತ್ತದೆ. "ಮೆನಿಂಜೈಟಿಸ್ ವ್ಯಾಕ್ಸಿನ್" ಅಂತ ಮಾತ್ರ ಬರೆಯೋಕೆ ಬಿಡಬೇಡಿ. ಮೆನಿಂಜೈಟಿಸ್ ತರುವ ರೋಗಾಣು ಇದೊಂದೇ ಅಲ್ಲವಲ್ಲ. ಮಕ್ಕಳಿಗೆ ಕೊಡುವ ಹಿಬ್ ಲಸಿಕೆ, ನ್ಯುಮೊಕಾಕಲ್ ಲಸಿಕೆ ಎರಡನ್ನೂ ಮೆನಿಂಜೈಟಿಸ್ ಲಸಿಕೆ ಅನ್ನುವವರಿದ್ದಾರೆ, ಅವು ಯಾವುವೂ ಇದಕ್ಕೆ ನಡೆಯಲ್ಲ.

10 ದಿನದ ಲೆಕ್ಕ ಇಡೋದು ಹೊರಡುವ ದಿನದಿಂದ ಅಲ್ಲ, ಸೌದಿಯಲ್ಲಿ ಇಳಿಯುವ ದಿನದಿಂದ. ಅಮ್ಮಿ ಜೆಡ್ಡಾದಲ್ಲಿ ಇಳಿಯುವುದು ಜುಲೈ 22. ಹಾಗಾಗಿ ಜುಲೈ 12 ಕೊನೇ ದಿನ. ಅವರಿಗೆ ಹಾಕಿಸಿದ್ದು 8ರಂದು. ಲಸಿಕೆಯಿಂದ ಪ್ರತಿಕಾಯ ಸಾಕಷ್ಟು ಮಟ್ಟಕ್ಕೆ ಬರೋಕೆ ವಾರ ಹತ್ತು ದಿನ ಬೇಕು, ಅದಕ್ಕೇ ಈ ಲೆಕ್ಕ.

ಇಷ್ಟಾಗುವ ಹೊತ್ತಿಗೆ ಅಕ್ಕನ ಮಗ ಅಂದುಕೊಂಡಿದ್ದು, ನಾನಿಗೆ ಕೊಟ್ಟದ್ದನ್ನೇ ನನಗೂ ಕೊಟ್ಟರೆ ಮುಗೀತು ಅಂತ. ಅವನ ಲೆಕ್ಕ ಬೇರೆ ಇತ್ತು. ಅಮೆರಿಕಕ್ಕೆ ವೀಸಾ ಕೊಡೋರು ವಿದ್ಯಾರ್ಥಿಗೆ ಈ ಲಸಿಕೆ ಕೇಳುವುದಿಲ್ಲ. ಕೇಳುವುದು ಆಯಾ ರಾಜ್ಯ ಮತ್ತು ಕಾಲೇಜು. ಟೆಕ್ಸಾಸ್‌ನಲ್ಲಿ ಕಾನೂನೇ ಇದೆ: 22 ವರ್ಷದ ಒಳಗಿನ ಹೊಸ ವಿದ್ಯಾರ್ಥಿ ಹಿಂದಿನ 5 ವರ್ಷದೊಳಗೆ ಲಸಿಕೆ ಅಥವಾ ಬೂಸ್ಟರ್ ತಗೊಂಡಿರಬೇಕು, ಅದೂ ಸೆಮಿಸ್ಟರ್ ಶುರುವಾಗುವುದಕ್ಕೆ ಕನಿಷ್ಠ 10 ದಿನ ಮೊದಲು. ಇಲ್ಲೂ 10 ದಿನವೇ, ಆದರೆ ಎಣಿಸುವುದು ಮೊದಲ ತರಗತಿಯ ದಿನದಿಂದ, ವಿಮಾನದಿಂದ ಅಲ್ಲ. ಅವನ ಸೆಮಿಸ್ಟರ್ ಆಗಸ್ಟ್ 25ಕ್ಕೆ. ಹಳೇ ಕಾಗದ ಆ ದಿನಕ್ಕೆ ನಾಲ್ಕು ವರ್ಷ ಹತ್ತು ತಿಂಗಳಿನದು. ಅಂದರೆ ಅಜ್ಜಿಗೆ ಸತ್ತಿದ್ದ ಅದೇ ಕಾಗದ, ತಾರೀಕಿನ ಮಟ್ಟಿಗೆ ಮೊಮ್ಮಗನಿಗೆ ಜೀವಂತ!

ಅವನು ಖುಷಿಯಾಗಿ ಕಾಲೇಜಿನ ಪೋರ್ಟಲ್‌ಗೆ ಅದನ್ನೇ ಹಾಕಿದ್ದ. ಅದು ತಿರುಗಿ ಬಂತು. ಯಾವ ಗುಂಪುಗಳ ಲಸಿಕೆ ಅಂತ ಇಲ್ಲ, ಒಪ್ಪೋಕಾಗಲ್ಲ ಅಂದರು. ಒಪ್ಪುವವರೆಗೆ ಕೋರ್ಸ್ ರಿಜಿಸ್ಟ್ರೇಷನ್ ಮೇಲೆ ಹೋಲ್ಡ್. ಹುಡುಗನಿಗೆ ಬೇಕಾದ ಕ್ಲಾಸುಗಳಲ್ಲಿ ಸೀಟು ಒಂದೊಂದಾಗಿ ತುಂಬುತ್ತಿದ್ದವು, ಅವನು ಪರದೆ ರಿಫ್ರೆಶ್ ಮಾಡುತ್ತಾ ಕೂತಿದ್ದ.

ಡಾಕ್ಟ್ರು ಇನ್ನೊಂದು ವಿಷಯ ಹೇಳಿದರು. ಕಾಗದ ಒಪ್ಪಿದ್ದರೂ ನಾನು ಇವನಿಗೆ ಹಾಕಿಸಿಕೊಳ್ಳೋಕೇ ಹೇಳುತ್ತಿದ್ದೆ, ಯಾಕಂದರೆ ಅವತ್ತು ಇವನಿಗೆ 14 ವರ್ಷ. ಹಾಸ್ಟೆಲಿನಲ್ಲಿ ಇರುವ ಮೊದಲ ವರ್ಷದವರಿಗೆ 16 ತುಂಬಿದ ಮೇಲಿನ ಒಂದು ಡೋಸ್ ಇದ್ದರೆ ಒಳ್ಳೇದು ಅಂತ ಅಮೆರಿಕದ ಸಲಹೆ. ಒಂದೇ ಕೋಣೆ, ಒಂದೇ ಮೆಸ್ಸು, ಒಬ್ಬರ ಬಾಟಲಿ ಇನ್ನೊಬ್ಬರು ಕುಡಿಯೋದು, ಕೆಮ್ಮೋದು. ಎಂಜಲಿನಿಂದ ಹರಡುವ ಕಾಯಿಲೆಗೆ ಆ ವಯಸ್ಸಿನ ಹುಡುಗರ ಹಾಸ್ಟೆಲಿಗಿಂತ ಒಳ್ಳೇ ಜಾಗ ಇನ್ನೊಂದಿಲ್ಲ. ಹಾಗಾಗಿ ಅಮ್ಮಿಯ ಜೊತೆ ಅದೇ ದಿನ ಅವನಿಗೂ ಹಾಕಿಸಿದೆವು. ಆಗಸ್ಟ್ 15ರ ಗಡುವಿಗೆ ಬೇಕಾದಷ್ಟು ಮೊದಲೇ ಆಯಿತು.

ಪೋರ್ಟಲ್‌ನಲ್ಲಿ ಎರಡು ಖಾನೆ ಇದ್ದವು. ಒಂದು `MenACWY`, ಇನ್ನೊಂದು `MenB`. ಎರಡನೇದು ನೋಡಿ ಅಕ್ಕ ಗಾಬರಿಯಾದಳು, ನಾಲ್ಕರಲ್ಲಿ ಬಿ ಇಲ್ಲವಲ್ಲ ಅಂತ. ಬಿ ಗುಂಪಿನ ಸಕ್ಕರೆ ಕವಚ ನಮ್ಮ ದೇಹದ್ದೇ ಕೆಲವು ಅಂಶಗಳನ್ನು ಹೋಲುತ್ತದೆ. ಅದಕ್ಕೇ ಆ ಕವಚದಿಂದ ಲಸಿಕೆ ಮಾಡೋಕಾಗಲಿಲ್ಲ, ಪ್ರೋಟೀನ್‌ಗಳಿಂದ ಬೇರೆಯದೇ ಲಸಿಕೆ ಮಾಡಬೇಕಾಯಿತು. 2013ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಬಿ ಗುಂಪು ಹರಡಿದಾಗ ಅಮೆರಿಕದಲ್ಲಿ ಅದಕ್ಕೆ ಅನುಮೋದನೆ ಸಿಕ್ಕ ಲಸಿಕೆಯೇ ಇರಲಿಲ್ಲ, ವಿಶೇಷ ಅನುಮತಿ ತಗೊಂಡು ಹೊರಗಿನಿಂದ ತರಿಸಿ ಡಿಸೆಂಬರ್‌ನಲ್ಲಿ ಹುಡುಗರಿಗೆ ಹಾಕಿದರು. ಈಗ ಲಸಿಕೆ ಇದೆ, ಆದರೆ ಒಂದು ಡೋಸ್ ಸಾಲುವುದಿಲ್ಲ. ಎರಡರ ಮಧ್ಯೆ ಸಾಮಾನ್ಯವಾಗಿ ಆರು ತಿಂಗಳು ಬಿಡಬೇಕು, ಬೇಗ ಬೇಕಾದರೆ ಮೂರು ಡೋಸ್. ಎರಡು ಬ್ರ್ಯಾಂಡ್‌ಗಳನ್ನು ಬೆರೆಸುವ ಹಾಗೂ ಇಲ್ಲ. ಇಲ್ಲಿ ಒಂದು ಶುರು ಮಾಡಿ ಅಲ್ಲಿ ಇನ್ನೊಂದು ಸಿಕ್ಕರೆ ಎಡವಟ್ಟು. ಅವನ ಕಾಲೇಜು ಬಿ ಕಡ್ಡಾಯ ಅಂದಿರಲಿಲ್ಲ, ಇದ್ದರೆ ತುಂಬಿ ಅಂದಿತ್ತು. ಅಲ್ಲಿ ಹೋಗಿ ಕಾಲೇಜಿನ ಆರೋಗ್ಯ ಕೇಂದ್ರದಲ್ಲಿ ಮಾತಾಡಿ ಶುರುಮಾಡು ಅಂತ ಡಾಕ್ಟ್ರು ಹೇಳಿದರು. ಒಂದು ಎಚ್ಚರ: ಬಿ ಲಸಿಕೆ ಹಾಕಿಸಿ ಅದನ್ನು ಮೊದಲ ಖಾನೆಗೆ ತುಂಬಿದರೆ ಹೋಲ್ಡ್ ತೆಗೆಯಲ್ಲ, ಎರಡೂ ಬೇರೆ ಬೇರೆ.

ಇದು ಟೆಕ್ಸಾಸ್‌ನ ಕಥೆ. ನ್ಯೂಯಾರ್ಕ್‌ನಲ್ಲಿ ಒಂದು ಫಾರ್ಮ್ ಇರುತ್ತದೆ, ಲಸಿಕೆ ಹಾಕಿಸಿದ್ದೇನೆ ಅಂತ ತೋರಿಸಬಹುದು, ಇಲ್ಲ ವಿಷಯ ತಿಳಿದುಕೊಂಡಿದ್ದೇನೆ, ಬೇಡ ಅಂತ ಸಹಿ ಹಾಕಬಹುದು. ಬ್ರಿಟನ್‌ಗೆ ಹೋಗುವವರಿಗೆ ಇದು ವೀಸಾ ಷರತ್ತಲ್ಲ. ಆದರೆ 25 ವರ್ಷದೊಳಗಿನವರು ಹಾಕಿಸಿಕೊಂಡಿರದಿದ್ದರೆ ಅಲ್ಲಿ ಹೋಗಿ ಜಿಪಿ ಅನ್ನೋ ಕುಟುಂಬ ವೈದ್ಯರ ಹತ್ತಿರ ನೋಂದಾಯಿಸಿಕೊಂಡ ಮೇಲೆ ಪುಕ್ಕಟೆ ಸಿಗುತ್ತದೆ. ಯಾರೋ ಗೆಳೆಯ ಹೇಳಿದ ಅಂತ ಇನ್ನೊಂದು ರಾಜ್ಯದ ನಿಯಮ ನಂಬಬೇಡಿ, ನಿಮ್ಮ ಕಾಲೇಜಿನ ಆರೋಗ್ಯ ಪುಟದಲ್ಲಿ ಏನಿದೆ ಅದೇ ಲೆಕ್ಕ.

ಹೊಸ ಸರ್ಟಿಫಿಕೇಟ್ ಹಾಕಿದ ಮೇಲೆ ಅವನ ಹೋಲ್ಡ್ ಹೋಯಿತು, ಎರಡು ಕ್ಲಾಸು ಕೈತಪ್ಪಿದ್ದವು, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಬಿ ಖಾನೆ ಇನ್ನೂ ಖಾಲಿ ಇದೆ. ಅಮ್ಮಿಯ ಕಾಗದವನ್ನು ಜೆಡ್ಡಾದಲ್ಲಿ ಒಬ್ಬರು ತಗೊಂಡು ತಾರೀಕು ನೋಡಿ, ಕಾಂಜುಗೇಟ್ ಅಂತ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟು ಓದಿ ವಾಪಸ್ ಕೊಟ್ಟರಂತೆ. ಅವರ ಗುಂಪಿನಲ್ಲಿದ್ದ ಬೇರೆ ಯಾರದ್ದನ್ನೂ ಕೇಳಲಿಲ್ಲವಂತೆ.